ಏಳುನೂರ ಇಪ್ಪತ್ತು ರಾತ್ರಿಗಳ ಸರಾಸರಿ

ಹಳೆಯ ಬಿಲ್ಲುಗಳಿಂದ ಅವಳು ಗುಂಡುಸೂಜಿ ಕೀಳುತ್ತಿದ್ದಳು. ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ, ಹಿಡಿ ಮುರಿದ ಚಹಾ ಕಪ್ಪಿಗೆ ಹಾಕುತ್ತಿದ್ದಳು. ತುಕ್ಕು ಹಿಡಿದವು ಹೊರಬರುವಾಗ ಕಾಗದದ ಮೇಲೆ ಕಂದು ಬೊಟ್ಟು ಉಳಿಯುತ್ತಿತ್ತು. ಕೋಣೆಯಲ್ಲಿ ಇನ್ನೂ ಮೂರು ಮೇಜುಗಳಿದ್ದವು, ಯಾರೂ ಬಂದಿರಲಿಲ್ಲ. ಬಂದಿದ್ದರೂ ಅವಳೇನೂ ಮಾತಾಡುವವಳಲ್ಲ. ಆಫೀಸಿನಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ತೆಳ್ಳಗಿದ್ದಾಳೆ, ಮೂಲೆಯಲ್ಲಿ ಬಿದ್ದಿದ್ದರೆ ಕಣ್ಣಿಗೆ ಬೀಳುವುದಿಲ್ಲ, ಬೇಕೆಂದು ಹುಡುಕಿದಾಗ ಮಾತ್ರ ಸಿಗುತ್ತಾಳೆ ಎಂಬ ಅರ್ಥದಲ್ಲಿ. ಚುಚ್ಚುತ್ತಾಳೆ ಎಂದು ಯಾರಿಗೂ ಅನಿಸಿರಲಿಲ್ಲ.

ಬಿಲ್ಲುಗಳ ಬಲಗಡೆಯ ಕೆಳಮೂಲೆ ಅವಳು ಮುಟ್ಟುತ್ತಿರಲಿಲ್ಲ. ಅಲ್ಲಿ ಒಣಗಿದ ಎಂಜಲಿತ್ತು. ಲೆಕ್ಕಾಧಿಕಾರಿ ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಆ ಒದ್ದೆ ಬೆರಳಿನಿಂದಲೇ ಹಾಳೆ ತಿರುವುವ ಮನುಷ್ಯ. ವರ್ಷದ ಎಲ್ಲ ಕಾಗದಗಳ ಆ ಮೂಲೆ ಉಬ್ಬಿ, ಬಣ್ಣಗೆಟ್ಟು, ಹುಳಿ ವಾಸನೆ ಹಿಡಿದಿತ್ತು. ಬೆನ್ನ ಹಿಂದೆ ಅವರ ಹೆಸರು ಹೆಬ್ಬೆಟ್ಟು ಸಾರ್. ಎರಡು ಪದವಿ ಪಡೆದ ಮೇಲೂ ಹೆಬ್ಬೆಟ್ಟಾಗಿಯೇ ಉಳಿದವರು ಇವರೊಬ್ಬರೇ ಎಂದು ಡ್ರೈವರುಗಳು ನಗುತ್ತಿದ್ದರು.

ಅದು ನೀರು ಪರೀಕ್ಷೆಯ ಮಂಡಳಿ. ಊರೂರಿನ ನಲ್ಲಿಗಳಿಂದ, ಟ್ಯಾಂಕುಗಳಿಂದ ನೀರು ಹಿಡಿದು ತಂದು, ಅದರಲ್ಲಿ ಏನು ಸೇರಿದೆ ಎಂದು ನೋಡುವುದು ಕೆಲಸ. ಸಣ್ಣ ಊರುಗಳಲ್ಲಿ ನಲ್ಲಿಗೆ ನೀರು ಬರುವುದು ಬೆಳಗಿನ ಐದಕ್ಕೋ ಆರಕ್ಕೋ. ಆ ಹೊತ್ತಿಗೆ ಬಾಟಲಿ ಹಿಡಿದು ನಿಂತಿರಬೇಕೆಂದರೆ ಹಿಂದಿನ ರಾತ್ರಿಯೇ ಹೋಗಿ ತಂಗಬೇಕು. ತಂದ ನೀರು ಐಸ್ ಪೆಟ್ಟಿಗೆಯಲ್ಲಿ, ಒಂದು ದಿನದೊಳಗೆ ಲ್ಯಾಬಿಗೆ ತಲುಪಬೇಕು. ಹಾಗೆ ಹೋಗಿಬರುವ ಸ್ಯಾಂಪಲ್‌ನವರು ಒಂಬತ್ತು ಜನ. ಒಬ್ಬೊಬ್ಬರಿಗೆ ವರ್ಷಕ್ಕೆ ಎಂಬತ್ತು ರಾತ್ರಿ. ಒಟ್ಟು ಏಳುನೂರ ಇಪ್ಪತ್ತು. ಆ ಒಂಬತ್ತರಲ್ಲಿ ಹೆಣ್ಣು ಒಬ್ಬಳೇ, ಸೂಜಿಯ ಅಕ್ಕ.

ಮುಂದಿನ ವರ್ಷದ ಬಜೆಟ್ಟಿಗೆ ಪ್ರಯಾಣ ಭತ್ಯೆ, ದಿನಭತ್ಯೆಗಳ ಹೊಸ ದರಪಟ್ಟಿ ಆಗಬೇಕಿತ್ತು. ಅದಕ್ಕೆ ಹೋದ ವರ್ಷ ನಿಜವಾಗಿ ಎಷ್ಟು ಖರ್ಚಾಯಿತು ಎಂಬ ಹಾಳೆ ಬೇಕು. ಆ ಹಾಳೆಯನ್ನು ಮಾಡುವ ಕೆಲಸ ಸೂಜಿಯ ಪಾಲಿಗೆ ಬಂದಿತ್ತು. ಅಪ್ಪ ತೀರಿಕೊಂಡಾಗ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಜೆರಾಕ್ಸ್ ಅಂಗಡಿಯಲ್ಲಿ ಕೂತು ಟೈಪಿಂಗ್ ಕಲಿತವಳು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದನ್ನು ಹೆಬ್ಬೆಟ್ಟು ಸಾರ್ ಅವರೇ ಹೇಳಿಕೊಟ್ಟಿದ್ದರು. ಜೊತೆಗೆ ಒಂದು ನಿಯಮವನ್ನೂ.

"ಹಾಳೇಲಿ ಒಂದು ಮನೆನೂ ಖಾಲಿ ಬಿಡಬೇಡ. ಖಾಲಿ ಮನೆ ಅಂದ್ರೆ ಬಾಗಿಲು ತೆಗೆದಿಟ್ಟ ಹಾಗೆ, ಯಾರು ಬೇಕಾದ್ರೂ ಒಳಗೆ ಬಂದು ಅಂಕಿ ತುಂಬಿಸ್ತಾರೆ. ಏನೂ ಇಲ್ವಾ, ಸೊನ್ನೆ ಹಾಕು."

ಅದಕ್ಕೆ ಅವಳು ಸೊನ್ನೆ ಹಾಕುತ್ತ ಬಂದಳು. ಲಾಡ್ಜಿನ ಬಿಲ್ಲಿದ್ದ ರಾತ್ರಿಗೆ ಬಿಲ್ಲಿನ ಮೊತ್ತ, ಇಲ್ಲದ ರಾತ್ರಿಗೆ ಸೊನ್ನೆ. ಅಕ್ಕನ ಎಂಬತ್ತು ರಾತ್ರಿಗಳಲ್ಲಿ ಇಪ್ಪತ್ತಾರಕ್ಕೆ ಬಿಲ್ಲಿತ್ತು. ಉಳಿದ ಐವತ್ತನಾಲ್ಕು ಸೊನ್ನೆಗಳನ್ನು ತಂಗಿಯೇ ಒತ್ತಿದಳು.

ಮೇಲಿನವರ ಬಿಲ್ಲುಗಳು ದಪ್ಪ ಕಾಗದದವು. ನಿರ್ದೇಶಕರ ಒಂದು ಹೋಟೆಲ್ ಬಿಲ್ಲಿನಲ್ಲಿ, ಕೋಣೆಯ ಫ್ರಿಜ್ಜಿನಿಂದ ತೆಗೆದು ತಿಂದ ಹುರಿದ ಗೋಡಂಬಿ ಒಂದು ಪೊಟ್ಟಣಕ್ಕೆ ಮುನ್ನೂರ ಎಂಬತ್ತು ಎಂದಿತ್ತು. ಪಕ್ಕದಲ್ಲಿ ಹೆಬ್ಬೆಟ್ಟು ಸಾರ್ ಅವರ ಹಸಿರು ಶಾಯಿ: 'ವಸತಿ. ಮಿತಿಯೊಳಗಿದೆ. ಪಾಸ್.' ಊಟತಿಂಡಿಗೆಂದು ದಿನಭತ್ಯೆ ಬೇರೆ ಕೊಟ್ಟಿರುವಾಗ ಗೋಡಂಬಿ ವಸತಿ ಹೇಗಾಗುತ್ತದೆ ಎಂದು ಕೇಳಲು ಅವಳು ಯಾರು? ಆದರೂ ಆ ಬಿಲ್ಲನ್ನು ಕೆಳಗಿಟ್ಟ ಮೇಲೆ ಕೈ ತೊಳೆದುಕೊಂಡು ಬಂದಳು.

ಶನಿವಾರ ಮಧ್ಯಾಹ್ನ ಅಕ್ಕ ಟೂರಿನಿಂದ ಬಂದಳು. ಲ್ಯಾಬಿಗೆ ಬಾಟಲಿಗಳನ್ನು ಒಪ್ಪಿಸಿ, ಮನೆಗೆ ಬಂದು, ಕಾಲು ತೊಳೆದು, ಬಡಿಸಿದ್ದನ್ನು ನಿಂತುಕೊಂಡೇ ತಿಂದಳು. ಆಮೇಲೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದರ ಹಿಂದೆಯೇ ಕುರ್ಚಿ ಎಳೆದು ಬಾಗಿಲಿಗೆ ಒತ್ತಿಟ್ಟ ಸದ್ದು ಕೇಳಿಸಿತು.

"ಇದೇನೇ ಇವಳದು, ಹಗಲು ಹೊತ್ತಲ್ಲಿ?" ಎಂದು ಅಮ್ಮ ಪಾತ್ರೆ ಉಜ್ಜುತ್ತಲೇ ಕೂಗಿದಳು. "ನಮ್ಮನೆಗೆ ಕಳ್ಳ ಬಂದ್ರೆ ಪಾಪ, ಅವನೇ ಏನಾದ್ರೂ ಕೊಟ್ಟು ಹೋಗ್ಬೇಕು."

ಸಂಜೆ ಎದ್ದು ಬಂದ ಅಕ್ಕ ಮೆಟ್ಟಿಲ ಮೇಲೆ ತಂಗಿಯ ಪಕ್ಕ ಕೂತಳು. ಸೂಜಿ ಏನೂ ಕೇಳಲಿಲ್ಲ. ಅಕ್ಕನ ಬಾಯಿ ಬಿಡಿಸಲು ಅದೇ ಸರಿಯಾದ ದಾರಿ ಎಂದು ಅವಳಿಗೆ ಗೊತ್ತಿತ್ತು.

"ನಮಗಿರೋ ಮಿತಿ ನಾನೂರೈವತ್ತು, ಅಷ್ಟಕ್ಕೆ ರೂಮು ಕೊಡೋದು ಎರಡೇ ಊರಲ್ಲಿ ಕಣೇ," ಎಂದಳು ಅಕ್ಕ. "ಮಿಕ್ಕ ಕಡೆ ಆರುನೂರಕ್ಕೆ ಕಡಿಮೆ ಇಲ್ಲ. ಮಿತಿ ದಾಟಿದ್ದು ನಮ್ಮ ಕೈಯಿಂದ. ತಿಂಗಳಿಗೆ ಏಳು ರಾತ್ರಿ, ರಾತ್ರಿಗೆ ನೂರೈವತ್ತು ಹಾಕಿದ್ರೆ ಅಮ್ಮನ ಮಾತ್ರೆ ಯಾರು ತರ್ತಾರೆ? ಗಂಡಸರು ಹೇಗೋ ಬಸ್ ಸ್ಟ್ಯಾಂಡಲ್ಲಿ ಬಿದ್ಕೋತಾರೆ. ಪೆಟ್ಟಿಗೆ ತಲೆದಿಂಬು."

"ನೀನು?"

"ನಾನೂ ಬಸ್ ಸ್ಟ್ಯಾಂಡೇ. ಹೆಂಗಸರ ಕೋಣೆ ಇದ್ರೆ ಅಲ್ಲಿ. ಅದಕ್ಕೆ ಬೀಗ ಹಾಕಿರೋ ಊರಲ್ಲಿ ಪಂಪ್‌ಹೌಸು."

ಅಕ್ಕ ಕಾಲು ಮಡಚಿ ಮೊಣಕಾಲನ್ನು ತಬ್ಬಿಕೊಂಡಳು.

"ಪಂಪ್‌ಹೌಸಿಗೆ ಅಗುಳಿ ಇರೋದು ಹೊರಗಡೆ. ಒಳಗಿಂದ ಹಾಕ್ಕೊಳ್ಳೋಕೆ ಏನೂ ಇಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂರ್ತೀನಿ. ಪಂಪಿನವನು ಬರ್ತಾನೆ. ಐಸು ಕರಗಿದ್ಯಾ ನೋಡೋಣ ಅಂತ ಬರ್ತಾನೆ. ಒಂದು ರಾತ್ರಿಗೆ ಮೂರು ಸಲ ಐಸು ನೋಡ್ತಾನೆ."

ಸೂಜಿ ಅಕ್ಕನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು.

"ಹೊಸ ಪಟ್ಟಿ ಆಗ್ತಿದೆಯಂತಲ್ಲ," ಎಂದಳು ಅಕ್ಕ. "ಆರುನೂರು ಆಗುತ್ತಾ ನೋಡು. ಆಗ್ಲಿಲ್ಲ ಅಂದ್ರೆ ನಾನು ಬಿಡ್ತೀನಿ ಕಣೇ ಈ ಕೆಲಸ. ನಿಜವಾಗ್ಲೂ. ನಿನ್ನೊಬ್ಬಳ ಸಂಬಳದಲ್ಲಿ ಮೂರು ಹೊಟ್ಟೆ ಹೇಗೆ ಅಂತ ಆಮೇಲೆ ಯೋಚನೆ ಮಾಡೋಣ. ಆ ಪಟ್ಟಿ ಟೈಪ್ ಮಾಡೋಳು ನೀನೇ ಅಲ್ವಾ?"

"ಟೈಪ್ ಮಾಡೋದಷ್ಟೇ ಅಕ್ಕ."

"ಅಷ್ಟಾದ್ರೂ ಇದ್ಯಲ್ಲ," ಎಂದು ಅಕ್ಕ ನಕ್ಕಳು. "ನಮ್ಮ ಮನೆಯಿಂದ ಆ ಕೋಣೆಯೊಳಗೆ ಹೋಗೋ ಕೈ ನಿನ್ನದೊಂದೇ."

ಸೋಮವಾರ ಹೆಬ್ಬೆಟ್ಟು ಸಾರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕವೇ ಕೂತು ಕರಡು ಹೇಳಿ ಟೈಪ್ ಮಾಡಿಸಿದರು. ಅವರ ಉಸಿರಿನಲ್ಲಿ ಬೆಳಗಿನ ಕಾಫಿ ಹಳಸಿತ್ತು. ನಾಲ್ಕು ದರ್ಜೆ, ನಾಲ್ಕು ಸಾಲು. ಒಂದೊಂದು ಸಾಲಿಗೂ ಯಾವ ವಾಹನದಲ್ಲಿ ಯಾವ ತರಗತಿ, ವಸತಿಗೆ ರಾತ್ರಿಗೆ ಗರಿಷ್ಠ ಎಷ್ಟು, ದಿನಭತ್ಯೆ ಎಷ್ಟು. ನಿರ್ದೇಶಕರೂ ಮಂಡಳಿಯ ಮೂವರು ಸದಸ್ಯರೂ ಒಂದನೇ ದರ್ಜೆ, ವಿಮಾನ. ಲ್ಯಾಬಿನ ಮುಖ್ಯಸ್ಥೆ, ಲೆಕ್ಕಾಧಿಕಾರಿ ಎರಡನೆಯದು, ರೈಲಿನ ಮೊದಲ ತರಗತಿ. ಮೇಲ್ವಿಚಾರಕರು, ಗುಮಾಸ್ತರು ಮೂರನೆಯದು, ರೈಲಿನ ಎರಡನೇ ತರಗತಿ. ಸ್ಯಾಂಪಲ್‌ನವರು ನಾಲ್ಕನೆಯದು, ಸಾಧಾರಣ ಬಸ್ಸು. ಪಟ್ಟಿಯ ಕೆಳಗೆ ಷರತ್ತುಗಳು: ಆರು ಗಂಟೆಯೊಳಗೆ ವಾಪಸಾದರೆ ದಿನಭತ್ಯೆ ಇಲ್ಲ, ಹನ್ನೆರಡರೊಳಗೆ ಅರ್ಧ, ಅದಕ್ಕೆ ಮೇಲೆ ಪೂರ್ತಿ. ತರಗತಿ ಮೀರಿ ಪ್ರಯಾಣ ಮಾಡಿದರೆ ಅರ್ಹ ತರಗತಿಯ ದರ ಮಾತ್ರ. ವಸತಿಗೆ ಬಿಲ್ಲು ಕಡ್ಡಾಯ, ಮಿತಿ ಮೀರಿದ್ದು ಸ್ವಂತ ಖರ್ಚು.

ಸೂಜಿಯ ಬೆರಳುಗಳು ಕೊನೆಯ ಸಾಲಿಗೆ ಬಂದವು.

"ವಸತಿ, ಹೋದ ವರ್ಷದ ಮಿತಿ ನಾನೂರೈವತ್ತು. ಹೋದ ವರ್ಷದ ವಾಸ್ತವ ಸರಾಸರಿ ನೂರ ನಲವತ್ತೈದು," ಎಂದು ಅವರು ಅವಳ ಹಾಳೆ ನೋಡಿ ಓದಿದರು. "ಹೊಸ ಮಿತಿ ಇನ್ನೂರು ಹಾಕು. ಧಾರಾಳ ಆಯ್ತು."

ಅವಳ ಬೆರಳು ನಿಂತುಬಿಟ್ಟಿತು. ನೂರ ನಲವತ್ತೈದಕ್ಕೆ ಎಲ್ಲೂ ಕೋಣೆ ಸಿಗುವುದಿಲ್ಲ. ಅಷ್ಟು ಕಡಿಮೆಯ ಒಂದು ಬಿಲ್ಲನ್ನೂ ಅವಳು ಕಂಡಿರಲಿಲ್ಲ. ತನ್ನ ಹಾಳೆಯನ್ನೇ ತೆರೆದು ಮೇಲಿಂದ ಕೆಳಕ್ಕೆ ನೋಡಿದಳು. ಆಗ ಗೊತ್ತಾಯಿತು. ಏಳುನೂರ ಇಪ್ಪತ್ತು ರಾತ್ರಿಗಳಲ್ಲಿ ಬಿಲ್ಲಿದ್ದದ್ದು ಇನ್ನೂರ ನಲವತ್ತಕ್ಕೆ. ಅವುಗಳ ಮೊತ್ತ ಒಂದು ಲಕ್ಷದ ನಾಲ್ಕು ಸಾವಿರದ ನಾನೂರು. ಇನ್ನೂರ ನಲವತ್ತರಿಂದ ಭಾಗಿಸಿದರೆ ರಾತ್ರಿಗೆ ನಾನೂರ ಮೂವತ್ತೈದು. ಆದರೆ ಅವಳು ಒತ್ತಿದ ನಾನೂರ ಎಂಬತ್ತು ಸೊನ್ನೆಗಳನ್ನೂ ಕಂಪ್ಯೂಟರು ಒಂದೊಂದು ರಾತ್ರಿಯ ಬಾಡಿಗೆ ಎಂದು ಎಣಿಸಿಕೊಂಡಿತ್ತು. ಖಾಲಿ ಬಿಟ್ಟಿದ್ದರೆ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಬೆಂಚು, ಪಂಪ್‌ಹೌಸಿನ ನೆಲ, ಎಲ್ಲವೂ ಪುಕ್ಕಟೆ ಲಾಡ್ಜುಗಳಾಗಿ ಸರಾಸರಿಯೊಳಗೆ ಸೇರಿಬಿಟ್ಟಿದ್ದವು.

"ಸಾರ್," ಎಂದಳು. ಅವರು ಹಾಳೆಯಿಂದ ತಲೆ ಎತ್ತಲಿಲ್ಲ. ಮತ್ತೆ ಹೇಳಿದಳು. "ಸಾರ್, ನನ್ನಿಂದ ತಪ್ಪಾಗಿದೆ. ಸೊನ್ನೆ ಹಾಕಿದ ರಾತ್ರಿನೂ ಸೇರಿಬಿಟ್ಟಿದೆ. ಅವತ್ತೆಲ್ಲ ಅವರು ರೂಮು ಮಾಡಿಲ್ಲ. ನಿಜವಾದ ಸರಾಸರಿ ನಾನೂರ ಮೂವತ್ತೈದು."

ಅವರು ಅವಳ ಕಡೆ ತಿರುಗಿ ನೋಡಿದರು. ನಗುವೂ ಅಲ್ಲದ, ಕೋಪವೂ ಅಲ್ಲದ ಒಂದು ಮುಖ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇವರು ಕಣ್ಣು ಬಿಟ್ಟುಕೊಂಡೇ ಕುಡಿಯುತ್ತಿದ್ದರು.

"ತಪ್ಪು ಅಂತ ಯಾರು ಹೇಳಿದ್ರು? ರಾತ್ರಿ ಆಗಿದೆ ತಾನೇ? ಖರ್ಚು ಆಗಿಲ್ಲ ತಾನೇ? ಹಾಗಾದ್ರೆ ಸೊನ್ನೆ. ಸರಿಯಾಗೇ ಇದೆ."

"ಸಾರ್, ಆ ರೇಟಿಗೆ ರೂಮು ಸಿಗಲ್ಲ ಅಂತಾನೇ ಅವರು..."

"ನೋಡಮ್ಮ. ಹೋದ ವರ್ಷ ಆ ಸಾಲಿಗೆ ಮೂರು ಲಕ್ಷದ ಇಪ್ಪತ್ನಾಲ್ಕು ಸಾವಿರ ಇಟ್ಟಿದ್ವಿ. ಎರಡು ಲಕ್ಷಕ್ಕೂ ಮೇಲೆ ಖರ್ಚಾಗದೆ ವಾಪಸ್ ಹೋಯ್ತು. ವಾಪಸ್ ಹೋದ ದುಡ್ಡನ್ನ ಮತ್ತೆ ಕೇಳಿದ್ರೆ ಮೇಲಿನವರು ನನ್ನ ಮುಖಕ್ಕೆ ಉಗೀತಾರೆ. ಅವರಿಗೆ ಬೇಕಿದ್ದಿದ್ರೆ ಬಿಲ್ ಕೊಡ್ತಿದ್ರು." ಹೆಬ್ಬೆರಳು ನಾಲಗೆಗೆ ಹೋಯಿತು. "ಮತ್ತೆ, ಆ ಹಾಳೆ ಮಾಡಿದ್ದು ನೀನು. ಕೆಳಗೆ ನಿನ್ನ ಸಹಿ ಇದೆ. ತಪ್ಪು ಅಂತ ನೀನೇ ಊರೆಲ್ಲ ಹೇಳ್ಕೊಂಡು ಬಂದ್ರೆ, ನಿನ್ನನ್ನ ಇಲ್ಲಿ ಯಾಕೆ ಇಟ್ಕೊಂಡಿದ್ದೀವಿ ಅಂತ ಕೇಳಲ್ವಾ?"

ಒದ್ದೆ ಬೆರಳನ್ನು ಅವಳ ಹಾಳೆಯ ಮೂಲೆಗಿಟ್ಟು ತಿರುವಿದರು. ಅವಳು ಇನ್ನೂರು ಎಂದು ಒತ್ತಿದಳು. ತನ್ನ ಬೆರಳಿಗೂ ಆ ಎಂಜಲು ಹತ್ತಿದಂತೆ ಅನಿಸಿತು.

ಬುಧವಾರ ಹನ್ನೊಂದಕ್ಕೆ ಬಜೆಟ್ ಸಭೆ. ಉದ್ದ ಮೇಜು, ಗೋಡೆಗೆ ಬಿಳಿ ಪರದೆ, ಪಟ್ಟಿ ಅದರ ಮೇಲೆ ಕಾಣುತ್ತಿತ್ತು. ಹೇಳಿದ ತಿದ್ದುಪಡಿಗಳನ್ನು ಅಲ್ಲೇ ಮಾಡಲು ಸೂಜಿಯನ್ನು ಮೂಲೆಯಲ್ಲಿ ಕೂರಿಸಿದ್ದರು. ಬರುವ ಮೊದಲು ಅವಳು ಒಂದು ಕೆಲಸ ಮಾಡಿದ್ದಳು. ಬಿಲ್ಲಿದ್ದ ಇನ್ನೂರ ನಲವತ್ತು ರಾತ್ರಿಗಳನ್ನಷ್ಟೇ ಬಿಡಿಸಿ, ಸರಾಸರಿ ನಾನೂರ ಮೂವತ್ತೈದು ಎಂದು ದಪ್ಪಕ್ಷರದಲ್ಲಿ ಹಾಕಿ, ಒಂದೇ ಹಾಳೆಯ ಮೂರು ಪ್ರತಿ ತೆಗೆದು, ನಿರ್ದೇಶಕರು, ಲ್ಯಾಬಿನ ಮುಖ್ಯಸ್ಥೆ, ಲೆಕ್ಕಾಧಿಕಾರಿ ಮೂವರೂ ಕೂರುವ ಜಾಗದಲ್ಲಿ ಇಟ್ಟಿದ್ದಳು. ಯಾರ ಹೆಸರೂ ಬರೆದಿರಲಿಲ್ಲ. ಮಾತಾಡಲು ಬಾರದವಳಿಗೆ ಕಾಗದವೇ ಬಾಯಿ.

ನಿರ್ದೇಶಕರು ಬಂದು ಕೂತು ಗೋಡಂಬಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಹಾಳೆಯನ್ನು ಕಣ್ಣೆತ್ತಿಯೂ ನೋಡದೆ ಎಣ್ಣೆಯ ಬೆರಳನ್ನು ಅದಕ್ಕೇ ಒರೆಸಿದರು. ಲ್ಯಾಬ್ ಮೇಡಂ ತಮ್ಮ ಪ್ರತಿಯ ಮೇಲೆ ಚಹಾ ಕಪ್ಪಿಟ್ಟರು. ಹೆಬ್ಬೆಟ್ಟು ಸಾರ್ ತಮ್ಮದನ್ನು ಓದಿದರು. ಓದಿ, ನಾಲ್ಕಾಗಿ ಮಡಚಿ, ಜೇಬಿಗೆ ಹಾಕಿಕೊಂಡರು. ಮೂಲೆಯ ಕಡೆ ತಿರುಗಿಯೂ ನೋಡಲಿಲ್ಲ.

"ಒಂದನೇ ದರ್ಜೆ," ಎಂದರು ನಿರ್ದೇಶಕರು. "ನಾಲ್ಕು ಸಾವಿರಕ್ಕೆ ಈಗ ಎಂಥ ಹೋಟೆಲ್ ಸಿಗುತ್ತೆ ರೀ? ಹೋದ ಸಲ ರೂಮಿನ ಕಿಟಕಿ ತೆಗೆದ್ರೆ ಪಕ್ಕದ ಗೋಡೆ. ಗಾಳಿ ಇಲ್ಲ, ಬೆಳಕಿಲ್ಲ. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ನಮ್ಮ ಸಂಸ್ಥೆಯ ಮರ್ಯಾದೆ ಏನಾಗ್ಬೇಕು? ಎಂಟು ಮಾಡಿ."

"ಆಗುತ್ತೆ ಸಾರ್. ಒಂದನೇ ದರ್ಜೆಗೆ ವರ್ಷಕ್ಕೆ ನಲವತ್ತೈದು ರಾತ್ರಿ. ನಾಲ್ಕು ಸಾವಿರ ಏರಿಸಿದ್ರೆ ಒಂದು ಲಕ್ಷದ ಎಂಬತ್ತು ಸಾವಿರ ಹೆಚ್ಚು ಬೇಕು," ಎಂದರು ಹೆಬ್ಬೆಟ್ಟು ಸಾರ್. "ಒಟ್ಟು ಮೊತ್ತ ಏರಿಸೋ ಹಾಗಿಲ್ಲ. ಆದರೆ ಅದು ಇಲ್ಲೇ ಇದೆ. ನಾಲ್ಕನೇ ದರ್ಜೆಯಲ್ಲಿ ರಾತ್ರಿ ಜಾಸ್ತಿ ನೋಡಿ, ಏಳುನೂರ ಇಪ್ಪತ್ತು. ಅಲ್ಲಿ ರಾತ್ರಿಗೆ ಇನ್ನೂರೈವತ್ತು ಇಳಿಸಿದ್ರೆ ಸರಿಯಾಗಿ ಅಷ್ಟೇ ಬರುತ್ತೆ. ಒಂದು ಲಕ್ಷದ ಎಂಬತ್ತು ಸಾವಿರ. ಒಂದು ಅಂಕಿ ಆಚೀಚೆ ಇಲ್ಲ."

ಸೂಜಿ ಪರದೆಯನ್ನೇ ನೋಡುತ್ತಿದ್ದಳು. ಅಂದರೆ ಇನ್ನೂರು ಎಂಬುದು ಅವಳ ಸರಾಸರಿಯಿಂದ ಬಂದದ್ದಲ್ಲ. ಮೊದಲು ಮೇಲಿನ ಕಿಟಕಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ, ಅದನ್ನು ಏಳುನೂರ ಇಪ್ಪತ್ತರಿಂದ ಭಾಗಿಸಿ, ಆಮೇಲೆ ಅದಕ್ಕೊಂದು ಸಾಕ್ಷಿ ಬೇಕೆಂದು ಅವಳ ಸೊನ್ನೆಗಳನ್ನು ಹುಡುಕಿಕೊಂಡು ಬಂದಿದ್ದರು. ಐವತ್ತನಾಲ್ಕು ರಾತ್ರಿ ಬೆಂಚಿನ ಮೇಲೋ ಬಾಗಿಲಿಗೆ ಬೆನ್ನು ಕೊಟ್ಟೋ ಕಳೆದ ಅಕ್ಕ, ನಿರ್ದೇಶಕರ ಕಿಟಕಿಯ ಗಾಳಿಗೆ ಕಾಸು ಉಳಿಸಿಕೊಟ್ಟಿದ್ದಳು.

"ಜನ ಗಲಾಟೆ ಮಾಡಲ್ವಾ?" ಎಂದು ನಿರ್ದೇಶಕರು ಕೇಳಿದರು.

"ಯಾವ ಗಲಾಟೆ ಸಾರ್," ಎಂದರು ಲ್ಯಾಬ್ ಮೇಡಂ. ಇಪ್ಪತ್ತು ವರ್ಷದ ಹಿಂದೆ ಅವರೂ ಸ್ಯಾಂಪಲ್ ಹಿಡಿಯುತ್ತಿದ್ದವರೇ. ಅದಕ್ಕೇ ಅಕ್ಕ ಇವರ ಮೇಲೆ ಆಸೆ ಇಟ್ಟುಕೊಂಡಿದ್ದಳು. "ನಾವೆಲ್ಲ ಬಸ್ ಸ್ಟ್ಯಾಂಡಲ್ಲೇ ಮಲಗಿ ಮೇಲೆ ಬಂದವರು. ಸೊಳ್ಳೆ ಕಚ್ಚಿಸಿಕೊಂಡೇ ಕೆಲಸ ಕಲಿತಿದ್ದು. ಈಗಿನವರಿಗೆ ಕೂತಲ್ಲಿ ಕುರ್ಚಿ, ನಿಂತಲ್ಲಿ ನೆರಳು. ಮೇಲಾಗಿ ಇಬ್ಬಿಬ್ಬರು ಸೇರಿ ಒಂದು ರೂಮು ಮಾಡ್ಕೊಳ್ಳಲಿ. ತಲಾ ಇನ್ನೂರು ಅಂದ್ರೆ ನಾನೂರಾಯ್ತಲ್ಲ."

ಸ್ಯಾಂಪಲ್‌ನವರಲ್ಲಿ ಹೆಣ್ಣು ಒಬ್ಬಳೇ ಎಂಬುದು ಮೇಡಂಗೆ ಗೊತ್ತಿರಲಿಲ್ಲವೆ? ಪ್ರತಿ ತಿಂಗಳು ಆ ಒಂಬತ್ತು ಹೆಸರಿನ ಕೆಳಗೆ ಸಹಿ ಹಾಕುವವರು ಅವರೇ. ಅರ್ಧ ಕೋಣೆ ಅಕ್ಕನದು, ಇನ್ನರ್ಧ ಯಾವ ಗಂಡಸಿನದು? ಸೂಜಿ ಮೇಡಂ ಮುಖ ನೋಡಿದಳು. ಅವರು ಅವಳ ಕಣ್ಣು ತಪ್ಪಿಸಿ ಕಪ್ಪೆತ್ತಿದರು. ಕೆಳಗಿನ ಹಾಳೆಯಲ್ಲಿ ನಾನೂರ ಮೂವತ್ತೈದರ ಸುತ್ತ ಚಹಾದ ಕಂದು ಬಳೆ ಮೂಡಿತ್ತು.

"ಮತ್ತೆ ಇನ್ನೊಂದು, ಸಾರ್," ಎಂದರು ಹೆಬ್ಬೆಟ್ಟು ಸಾರ್, ದನಿ ಸ್ವಲ್ಪ ತಗ್ಗಿಸಿ. "ಎರಡನೇ ದರ್ಜೆಗೂ, ಐನೂರು ಕಿಲೋಮೀಟರಿಗಿಂತ ಹೆಚ್ಚಾದ್ರೆ ವಿಮಾನ ಅಂತ ಒಂದು ಸಾಲು ಹಾಕಬಹುದಾ? ಮೇಡಂಗೂ ಬೆನ್ನು ನೋವು."

"ಹೌದು ಸಾರ್, ತುಂಬಾ ನೋವು," ಎಂದರು ಮೇಡಂ.

"ಹಾಕಿ ಹಾಕಿ. ನೀವಿಬ್ಬರೂ ನನ್ನ ಎರಡು ಕೈ ಇದ್ದ ಹಾಗೆ," ಎಂದು ನಿರ್ದೇಶಕರು ನಕ್ಕರು. ಹಲ್ಲಿನ ಸಂದಿಯಲ್ಲಿ ಬಿಳಿ ಗೋಡಂಬಿ ಕಾಣಿಸಿತು. ಮೂವರೂ ನಕ್ಕರು. ಎಲ್ಲರ ಎಲೆಗೂ ಬಿದ್ದ ಮೇಲೆ ಯಾವ ಊಟಕ್ಕೂ ಉಪ್ಪು ಕಡಿಮೆ ಅನ್ನಿಸುವುದಿಲ್ಲ.

"ಟೈಪ್ ಮಾಡಮ್ಮ ಸೂಜಿ. ಮೇಲಿನದು ಎಂಟು ಸಾವಿರ," ಎಂದರು ಹೆಬ್ಬೆಟ್ಟು ಸಾರ್.

ಅವಳು ಒತ್ತಿದಳು. ಗೋಡೆಯ ಮೇಲೆ ನಾಲ್ಕು ಹೋಗಿ ಎಂಟು ಬಂತು. ವಿಮಾನದ ಸಾಲನ್ನೂ ಒತ್ತಿದಳು.

"ಕೊನೇದು ಇನ್ನೂರೇ ಇರಲಿ. ಉಳಿಸು. ಪ್ರಿಂಟ್ ತೆಗಿ, ಸಹಿ ಹಾಕ್ತೀವಿ."

ಉಳಿಸುವ ಗುಂಡಿಯ ಮೇಲೆ ಅವಳ ಬೆರಳು ನಿಂತಿತ್ತು. ಶನಿವಾರದ ಕುರ್ಚಿಯ ಸದ್ದು ಕಿವಿಯಲ್ಲಿತ್ತು. ಬಾಯಿ ತೆರೆದರೆ ಈ ಕೆಲಸವೂ ಹೋಗಬಹುದು. ಬಾಯಿ ಮುಚ್ಚಿದರೆ ಹೋಗುವುದು ಏನು ಎಂದು ಪಂಪಿನವನಿಗೆ ಗೊತ್ತು. ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಸರಿದು ಕಿರ್ ಎಂದಿತು. ಮೂವರೂ ತಿರುಗಿ ನೋಡಿದರು, ಮೇಜೇ ಎದ್ದು ನಿಂತಿತೇನೋ ಎಂಬ ಹಾಗೆ.

"ಆ ಸೊನ್ನೆಗಳು ನಾನು ಹಾಕಿದ್ದು ಸಾರ್," ಎಂದಳು. "ಅದು ಬಾಡಿಗೆ ಅಲ್ಲ. ಅವತ್ತು ಅವರಿಗೆ ರೂಮು ಸಿಕ್ಕಿಲ್ಲ ಅಂತ. ನಾನೂರ ಎಂಬತ್ತು ರಾತ್ರಿ ಸಿಕ್ಕಿಲ್ಲ. ನನ್ನ ಅಕ್ಕನಿಗೇ ಐವತ್ತನಾಲ್ಕು. ಅವಳ ಜೊತೆ ರೂಮು ಹಂಚಿಕೊಳ್ಳೋಕೆ ಇನ್ನೊಬ್ಬ ಹೆಂಗಸು ನಮ್ಮಲ್ಲಿ ಇಲ್ಲ, ಮೇಡಂಗೆ ಗೊತ್ತು."

ಮೇಡಂ ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿದ್ದರು. ನಿರ್ದೇಶಕರು ಗಡಿಯಾರ ನೋಡಿಕೊಂಡರು.

"ಒಳಗಿಂದ ಅಗುಳಿ ಹಾಕ್ಕೊಳ್ಳೋಕಾಗೋ ಒಂದು ರೂಮಿನ ರೇಟು ಹೇಳಿ ಸಾರ್," ಎಂದಳು. "ಅದನ್ನ ಟೈಪ್ ಮಾಡ್ತೀನಿ."

ಹೆಬ್ಬೆಟ್ಟು ಸಾರ್ ಹೆಬ್ಬೆರಳನ್ನು ನಾಲಗೆಗೆ ಒತ್ತಿಕೊಂಡು ಮುಂದಿನ ಹಾಳೆ ತಿರುವಿದರು. ಅದು ಬಜೆಟ್ಟಿನ ಮುಂದಿನ ಬಾಬ್ತು, ಇಂಧನದ್ದು.